ಅಕೌಂಟಿಂಗ್ ಟ್ಯುಟೋರಿಯಲ್‌ಗೆ ಇಂಗ್ಲಿಷ್–ಕನ್ನಡ ಪದಪಟ್ಟಿ: ಮೊದಲಿನಿಂದ ಕಟ್ಟುವ ಬಗೆ

ಟ್ಯುಟೋರಿಯಲ್ ಮುಗಿಯುವ ಹೊತ್ತಿಗೆ ಒಬ್ಬ ವಿದ್ಯಾರ್ಥಿನಿ ತನ್ನ ಟ್ರಯಲ್ ಬ್ಯಾಲೆನ್ಸ್ ತಂದು ತೋರಿಸಿದಳು. ಎರಡು ಕಡೆಯ ಮೊತ್ತ ತಾಳೆ ಆಗುತ್ತಿರಲಿಲ್ಲ. ನೋಡಿದರೆ ಡೆಟರ್ಸ್ ಮೊತ್ತವನ್ನು ಕ್ರೆಡಿಟ್ ಕಡೆಗೆ ಬರೆದಿದ್ದಳು. ಯಾಕೆ ಎಂದು ಕೇಳಿದೆ. "ಸಾಲಗಾರರು ಅಂದ್ರೆ ನಾವು ದುಡ್ಡು ಕೊಡಬೇಕಾದವರಲ್ವಾ ಸರ್?" ಎಂದಳು.

ಅವಳಿಗೆ ಲೆಕ್ಕದ ನಿಯಮ ಗೊತ್ತಿತ್ತು. ನಾವು ಕೊಡಬೇಕಾದದ್ದು ಹೊಣೆ, ಹೊಣೆ ಕ್ರೆಡಿಟ್ ಕಡೆಗೆ ಬರುತ್ತದೆ, ಅದೂ ಗೊತ್ತಿತ್ತು. ಎಡವಿಸಿದ್ದು ನಾನು ಕೊಟ್ಟ ಪದ. ನನ್ನ ಪಟ್ಟಿಯಲ್ಲಿ ಡೆಟರ್ ಎದುರಿಗೆ "ಸಾಲಗಾರ" ಎಂದು ಬರೆದಿದ್ದೆ. ಸಾಲದ ಅರ್ಜಿಯಲ್ಲಿ ಸಾಲಗಾರ ಅಂದರೆ ಸಾಲ ಪಡೆದವನು. ಆದರೆ "ಸಾಲಗಾರರ ಕಾಟ ತಡೆಯೋಕೆ ಆಗ್ತಿಲ್ಲ" ಎಂದು ಯಾರಾದರೂ ಹೇಳಿದರೆ, ಅಲ್ಲಿ ಸಾಲಗಾರ ಅಂದರೆ ಸಾಲ ಕೊಟ್ಟು ಬಾಗಿಲಿಗೆ ಬಂದು ನಿಂತವನು. ಒಂದೇ ಪದ, ಎರಡು ತುದಿ. ಲೆಕ್ಕಪತ್ರದಲ್ಲಿ ಆ ಎರಡು ತುದಿಗಳು ಎರಡು ಬೇರೆ ಕಡೆಗೆ ಬರುತ್ತವೆ.

ಆ ದಿನದಿಂದ ಪದಪಟ್ಟಿಯ ಬಗ್ಗೆ ನನ್ನ ಲೆಕ್ಕಾಚಾರವೇ ಬದಲಾಯಿತು. ವಿದ್ಯಾರ್ಥಿಗಳನ್ನು ಹೆಚ್ಚು ಎಡವಿಸುವುದು ಕಷ್ಟದ ಪದಗಳಲ್ಲ. ಕಷ್ಟದ ಪದ ಬಂದರೆ ಅವರು ಕೇಳುತ್ತಾರೆ. ಸಾಲ, ಬಾಕಿ, ಖರ್ಚು, ಆದಾಯ, ಜಮಾ ಇಂಥ ಪರಿಚಿತ ಪದ ಬಂದರೆ ಯಾರೂ ಕೇಳುವುದಿಲ್ಲ, ಗೊತ್ತಿದೆ ಅಂದುಕೊಂಡು ಮುಂದೆ ಹೋಗುತ್ತಾರೆ. ಪಟ್ಟಿ ಕಟ್ಟುವಾಗ ಜಾಸ್ತಿ ಹೊತ್ತು ಕೊಡಬೇಕಾದದ್ದು ಈ ಪದಗಳಿಗೆ.

ಪದಗಳನ್ನು ಎಲ್ಲಿಂದ ತೆಗೆಯಬೇಕು

ಪಠ್ಯಪುಸ್ತಕದ ಕೊನೆಯ ಪದಸೂಚಿಯಿಂದ ಶುರು ಮಾಡಬೇಡಿ. ನಾನು ಮೊದಲ ಸಲ ಹಾಗೇ ಮಾಡಿದೆ. ಸುಮಾರು 180 ಪದಗಳ ಪಟ್ಟಿ ಆಯಿತು. ಅದರಲ್ಲಿ ಆ ಅವಧಿಯ ಟ್ಯುಟೋರಿಯಲ್‌ಗಳಲ್ಲಿ ಬಾಯಿಗೆ ಬಂದದ್ದು ಕಾಲು ಭಾಗವೂ ಇರಲಿಲ್ಲ.

ಮುಂದಿನ ಮೂರು ಟ್ಯುಟೋರಿಯಲ್‌ಗಳ ಪ್ರಶ್ನೆಹಾಳೆಗಳನ್ನು ತೆಗೆದುಕೊಳ್ಳಿ. ಹೋದ ವರ್ಷ ತಿದ್ದಿದ ಉತ್ತರಗಳು ಸಿಕ್ಕರೆ ಅವನ್ನೂ ಪಕ್ಕಕ್ಕೆ ಇಟ್ಟುಕೊಳ್ಳಿ. ಪ್ರಶ್ನೆಯಲ್ಲಿ ಲೆಕ್ಕದ ದಿಕ್ಕನ್ನು ನಿರ್ಧರಿಸುವ ಪದಗಳಿಗೆ ಮಾತ್ರ ಗೆರೆ ಎಳೆಯಿರಿ. "ಸರಕನ್ನು ಸಾಲದ ಮೇಲೆ ಮಾರಿದರು, ಬಾಡಿಗೆ ಇನ್ನೂ ಕೊಟ್ಟಿಲ್ಲ" ಎಂಬ ಪ್ರಶ್ನೆಯಲ್ಲಿ ಗೆರೆ ಬೀಳುವುದು ಸರಕು, ಸಾಲದ ಮೇಲೆ, ಬಾಡಿಗೆ ಇನ್ನೂ ಕೊಟ್ಟಿಲ್ಲ ಇಷ್ಟಕ್ಕೇ. ಮೊದಲ ಸುತ್ತಿಗೆ 40 ಪದ ಸಾಕು. ಒಂದು ಟ್ಯುಟೋರಿಯಲ್‌ಗೆ ಎಂಟು ಹತ್ತು ಪದಕ್ಕಿಂತ ಹೆಚ್ಚು ಇಟ್ಟರೆ ಲೆಕ್ಕ ಮಾಡಿಸುವ ಹೊತ್ತನ್ನು ಪದಗಳೇ ತಿಂದುಬಿಡುತ್ತವೆ.

ಇಂಗ್ಲಿಷ್‌ನಲ್ಲೇ ಒಂದಕ್ಕೆ ಎರಡು ಹೆಸರಿರುವ ಕಡೆ ಎರಡನ್ನೂ ಒಂದೇ ಸಾಲಿನಲ್ಲಿ ಬರೆದುಕೊಳ್ಳಿ. ಡೆಟರ್ಸ್ ಎಂದು ಒಂದು ಪುಸ್ತಕ ಹೇಳಿದರೆ ಇನ್ನೊಂದು ಟ್ರೇಡ್ ರಿಸೀವಬಲ್ಸ್ ಎನ್ನುತ್ತದೆ. ಬ್ಯಾಲೆನ್ಸ್ ಶೀಟ್‌ಗೆ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ 2007ರ ಪರಿಷ್ಕರಣೆಯಲ್ಲಿ ಸ್ಟೇಟ್‌ಮೆಂಟ್ ಆಫ್ ಫೈನಾನ್ಷಿಯಲ್ ಪೊಸಿಷನ್ ಎಂಬ ಹೆಸರು ಕೊಟ್ಟಿತು. ಆದರೂ ಹಳೆಯ ಹೆಸರು ಬಳಕೆಯಲ್ಲಿ ಇದ್ದೇ ಇದೆ. ಸ್ಟಾಕ್ ಎಂಬ ಪದಕ್ಕೆ ಇನ್ನೂ ಎಚ್ಚರ ಬೇಕು. ಬ್ರಿಟಿಷ್ ರೂಢಿಯ ಪುಸ್ತಕದಲ್ಲಿ ಅದು ದಾಸ್ತಾನು, ಅಮೆರಿಕದ ಪುಸ್ತಕದಲ್ಲಿ ಬಹಳ ಸಲ ಷೇರು. ವಿದ್ಯಾರ್ಥಿ ಯಾವ ಪುಸ್ತಕ ಓದುತ್ತಿದ್ದಾನೆ ಎಂದು ನೋಡದೆ ಈ ಪದಕ್ಕೆ ಕನ್ನಡ ಬರೆಯಬೇಡಿ.

ಮೊದಲು ಅರ್ಥದ ವಾಕ್ಯ, ಆಮೇಲೆ ಪದ

ಇಂಗ್ಲಿಷ್ ಪದ ನೋಡಿದ ಕೂಡಲೇ ಕನ್ನಡ ಪದ ಹುಡುಕಲು ಹೊರಡುವುದು ಸಹಜ. ಅದನ್ನು ತಡೆದುಕೊಳ್ಳಿ. ಮೊದಲು ಒಂದು ಸರಳ ವಾಕ್ಯದಲ್ಲಿ ಅರ್ಥ ಬರೆಯಿರಿ. ಆ ವಾಕ್ಯದಲ್ಲಿ ಇಂಗ್ಲಿಷ್ ಪದವೂ ಬರಬಾರದು, ನಿಮ್ಮ ಮನಸ್ಸಿನಲ್ಲಿರುವ ಕನ್ನಡ ಪದವೂ ಬರಬಾರದು.

ಡಿಪ್ರಿಸಿಯೇಷನ್ ಎದುರಿಗೆ "ಸವಕಳಿ" ಎಂದು ಎಲ್ಲರೂ ಬರೆಯುತ್ತೇವೆ. ಒಳ್ಳೆಯ ಪದ, ಬೇರೂರಿದ ಪದ. ಆದರೆ ಅರ್ಥದ ವಾಕ್ಯ ಬರೆಯಲು ಕೂತರೆ ಅದರ ಮಿತಿ ಕಾಣುತ್ತದೆ. ಸವಕಳಿ ಅಂದಾಗ ಯಂತ್ರ ಸವೆಯುವುದು ಕಣ್ಣಿಗೆ ಬರುತ್ತದೆ. ಲೆಕ್ಕದಲ್ಲಿ ನಾವು ಮಾಡುವುದು ಬೇರೆ: ಹಲವು ವರ್ಷ ಬಳಸುವ ಆಸ್ತಿಗೆ ಕೊಟ್ಟ ಮೊತ್ತವನ್ನು ಆ ವರ್ಷಗಳ ಮೇಲೆ ಹಂಚುವುದು. 60,000ಕ್ಕೆ ಒಂದು ಯಂತ್ರ ಕೊಂಡು, ಐದು ವರ್ಷ ಬಳಸಿ, ಕೊನೆಗೆ ಅದಕ್ಕೆ ಬೆಲೆಯೇ ಇರುವುದಿಲ್ಲ ಎಂದು ಅಂದಾಜು ಮಾಡಿ, ಸಮ ಪಾಲು ಹಾಕಿದರೆ ವರ್ಷಕ್ಕೆ 12,000. ಮೊದಲ ವರ್ಷದ ಕೊನೆಗೆ ಯಂತ್ರ ಹೊಸದರ ಹಾಗೆ ಹೊಳೆಯುತ್ತಿದ್ದರೂ ಆ 12,000 ಬರೆಯಲೇಬೇಕು. "ಸರ್, ಇನ್ನೂ ಸವೆದೇ ಇಲ್ವಲ್ಲ" ಎಂಬ ಪ್ರಶ್ನೆ ಬರುವುದು ಈ ಪದದಿಂದಲೇ. ಹಾಗಂತ ಪದ ಬಿಡಬೇಕಿಲ್ಲ. ಪಟ್ಟಿಯಲ್ಲಿ ಸವಕಳಿ ಎಂದೇ ಇಟ್ಟು, ಅರ್ಥದ ವಾಕ್ಯದಲ್ಲಿ "ಮೊತ್ತವನ್ನು ಬಳಸುವ ವರ್ಷಗಳ ಮೇಲೆ ಹಂಚುವುದು" ಎಂದು ಬರೆದರೆ ಆಯಿತು.

ಇದೇ ಯಂತ್ರ ಇನ್ನೊಂದು ಗೊಂದಲವನ್ನೂ ತೋರಿಸುತ್ತದೆ. ಕೈಯಿಂದ ಹೋದ ಹಣ 60,000, ಈ ವರ್ಷದ ಲಾಭನಷ್ಟದ ಲೆಕ್ಕಕ್ಕೆ ಹೋಗುವುದು 12,000. ಇಂಗ್ಲಿಷ್‌ನಲ್ಲಿ ಮೊದಲನೆಯದು ಎಕ್ಸ್‌ಪೆಂಡಿಚರ್, ಎರಡನೆಯದು ಎಕ್ಸ್‌ಪೆನ್ಸ್. ಮಾತಿನಲ್ಲಿ ನಾವು ಎರಡಕ್ಕೂ ಖರ್ಚು ಅನ್ನುತ್ತೇವೆ, ವೆಚ್ಚ ಅಂತಲೂ ಅನ್ನುತ್ತೇವೆ. ನನ್ನ ಪಟ್ಟಿಯಲ್ಲಿ ವೆಚ್ಚ ಎಂಬುದು ಮೊದಲನೆಯದಕ್ಕೆ, ಖರ್ಚು ಎಂಬುದು ಎರಡನೆಯದಕ್ಕೆ. ಬಂಡವಾಳ ವೆಚ್ಚ ಎಂಬ ಪ್ರಯೋಗ ಹೇಗೂ ಚಾಲ್ತಿಯಲ್ಲಿದೆ, ಅದಕ್ಕೆ ಇದು ಹೊಂದುತ್ತದೆ. ನೀವು ತಿರುಗಿಸಿ ಇಟ್ಟುಕೊಂಡರೂ ಬಾಧಕವಿಲ್ಲ. ಒಮ್ಮೆ ಹಂಚಿದ ಮೇಲೆ ಆ ಹಂಚಿಕೆಯನ್ನು ಕೊನೆವರೆಗೂ ಉಳಿಸಿಕೊಳ್ಳಬೇಕು, ಅಷ್ಟೆ.

ಡೆಬಿಟ್, ಕ್ರೆಡಿಟ್: ಇಲ್ಲಿ ಅನುವಾದ ಮಾಡಬೇಡಿ

ಡೆಬಿಟ್‌ಗೆ ಖರ್ಚು, ಕ್ರೆಡಿಟ್‌ಗೆ ಜಮಾ ಎಂದು ಬರೆಯುವ ರೂಢಿ ಇದೆ. ಟ್ಯುಟೋರಿಯಲ್‌ನಲ್ಲಿ ನಾನು ಇದನ್ನು ಬಿಟ್ಟಿದ್ದೇನೆ. ಕಾರಣ ಹೇಳುತ್ತೇನೆ.

ಅಂಗಡಿಗೆ ನಗದು ಬಂತು ಎಂದಿಟ್ಟುಕೊಳ್ಳಿ. ನಗದು ಖಾತೆಗೆ ಡೆಬಿಟ್ ಆಗಬೇಕು. ಡೆಬಿಟ್ ಅಂದರೆ ಖರ್ಚು ಎಂದು ಕಲಿತವನು "ದುಡ್ಡು ಬಂದಿದೆ, ಖರ್ಚು ಹೇಗಾಯ್ತು?" ಎಂದು ನಿಂತುಬಿಡುತ್ತಾನೆ. ಅವನ ಫೋನಿಗೆ ಬ್ಯಾಂಕಿನಿಂದ "ನಿಮ್ಮ ಖಾತೆಗೆ ಹಣ ಜಮಾ ಆಗಿದೆ" ಎಂಬ ಸಂದೇಶ ಬರುತ್ತದೆ. ಹಾಗಾಗಿ ಬಂದದ್ದೆಲ್ಲ ಜಮಾ, ಅಂದರೆ ಕ್ರೆಡಿಟ್ ಎಂಬ ಭಾವನೆ ಗಟ್ಟಿಯಾಗಿರುತ್ತದೆ. ಆ ಸಂದೇಶ ಸುಳ್ಳಲ್ಲ. ಅದು ಬ್ಯಾಂಕಿನ ಪುಸ್ತಕದಿಂದ ಹೊರಟ ಮಾತು. ನಾವು ಇಟ್ಟ ಹಣ ಬ್ಯಾಂಕಿಗೆ ಹೊಣೆ, ಹೊಣೆ ಹೆಚ್ಚಾದರೆ ಅವರು ಕ್ರೆಡಿಟ್ ಮಾಡುತ್ತಾರೆ. ನಮ್ಮ ಪುಸ್ತಕದಲ್ಲಿ ಅದೇ ಹಣ ಆಸ್ತಿ, ಅದಕ್ಕೆ ಡೆಬಿಟ್.

ಅದಕ್ಕೇ ಈ ಎರಡನ್ನು ಡೆಬಿಟ್, ಕ್ರೆಡಿಟ್ ಎಂದೇ ಕನ್ನಡ ಲಿಪಿಯಲ್ಲಿ ಇಡಿ. ಅರ್ಥದ ವಾಕ್ಯವೂ ಚಿಕ್ಕದಾಗಿರಲಿ: ಡೆಬಿಟ್ ಎಂದರೆ ಖಾತೆಯ ಎಡಗಡೆಗೆ ಬರೆಯುವುದು, ಕ್ರೆಡಿಟ್ ಎಂದರೆ ಬಲಗಡೆಗೆ ಬರೆಯುವುದು. ಒಳ್ಳೆಯದು, ಕೆಟ್ಟದ್ದು, ಬಂದದ್ದು, ಹೋದದ್ದು ಯಾವುದೂ ಇಲ್ಲಿ ಸೇರಬಾರದು. ಆಸ್ತಿ ಮತ್ತು ಖರ್ಚು ಹೆಚ್ಚಾದರೆ ಎಡಕ್ಕೆ, ಹೊಣೆ, ಬಂಡವಾಳ ಮತ್ತು ಆದಾಯ ಹೆಚ್ಚಾದರೆ ಬಲಕ್ಕೆ ಎಂಬುದನ್ನು ಪಟ್ಟಿಯ ತಲೆಯಲ್ಲೇ ಒಮ್ಮೆ ಬರೆದುಬಿಡಿ. ಖರ್ಚು ಎಂಬ ಪದ ಈಗ ಬಿಡುವಾಗುತ್ತದೆ, ಅದನ್ನು ಎಕ್ಸ್‌ಪೆನ್ಸ್ ಒಂದಕ್ಕೇ ಬಳಸಬಹುದು.

ಒಂದು ಪದವನ್ನು ಪೂರ್ತಿ ಕಟ್ಟೋಣ: ಡೆಟರ್, ಕ್ರೆಡಿಟರ್

ಸಾಲಗಾರ ಬಿತ್ತು. ಇನ್ನೇನಿದೆ? ಕೆಲವು ಪುಸ್ತಕಗಳಲ್ಲಿ ಋಣಿ, ಧನಿ ಎಂದು ಇದೆ. ಜೋಡಿ ಅಚ್ಚುಕಟ್ಟು. ಆದರೆ ಬಾಯಲ್ಲಿ ಹೇಳಿ ನೋಡಿ. ಧನಿ ಎಂದರೆ ಮಕ್ಕಳ ಕಿವಿಗೆ ಯಜಮಾನ ಎಂಬ ಅರ್ಥದ ಧಣಿ ಬೀಳುತ್ತದೆ. ಆಗ ಧನಿಗಳ ಮೊತ್ತವನ್ನು ಬಂಡವಾಳದ ಜೊತೆ ಸೇರಿಸಿದವರನ್ನೂ ನೋಡಿದ್ದೇನೆ.

ವಿವರಿಸಿ ಹೇಳೋಣ ಎಂದು "ನಮಗೆ ಕೊಡಬೇಕಾದವರು", "ನಾವು ಕೊಡಬೇಕಾದವರು" ಎಂದು ಬರೆದೆ. ಅರ್ಥ ಸರಿ, ಆದರೆ ತರಗತಿಯ ಗದ್ದಲದಲ್ಲಿ ನಮಗೆ, ನಾವು ಎರಡೂ ಒಂದೇ ಥರ ಕೇಳುತ್ತವೆ. ತೊಡಕಿನ ಬೇರು ಇರುವುದು ಇನ್ನೂ ಕೆಳಗೆ. ವ್ಯಕ್ತಿಯನ್ನು ಹೆಸರಿಸಿದರೆ ಪದ ಆ ವ್ಯಕ್ತಿಯ ಕಡೆಯಿಂದ ನೋಡುತ್ತದೆ: ಡೆಟರ್ ಅಂದರೆ ಕೊಡಬೇಕಾದವನು. ಲೆಕ್ಕ ಮಾತ್ರ ನಮ್ಮ ವ್ಯವಹಾರದ ಕಡೆಯಿಂದ ನೋಡುತ್ತದೆ: ನಮಗದು ಬರಬೇಕಾದದ್ದು. ವಿದ್ಯಾರ್ಥಿ ಪ್ರತಿ ಸಲ ಮನಸ್ಸಿನಲ್ಲೇ ತಿರುಗಿಸಿಕೊಳ್ಳಬೇಕಾಗುತ್ತದೆ. ಆ ತಿರುವಿನಲ್ಲೇ ಜಾರುವುದು.

ಆದ್ದರಿಂದ ವ್ಯಕ್ತಿಯನ್ನು ಬಿಟ್ಟು ಹಣವನ್ನು ಹೆಸರಿಸಿ. ಡೆಟರ್ಸ್‌ಗೆ "ಬರಬೇಕಾದ ಬಾಕಿ", ಕ್ರೆಡಿಟರ್ಸ್‌ಗೆ "ಕೊಡಬೇಕಾದ ಬಾಕಿ". ಬರಬೇಕಾದದ್ದು ಆಸ್ತಿ, ಕೊಡಬೇಕಾದದ್ದು ಹೊಣೆ ಎಂಬುದು ಪದದಲ್ಲೇ ಕಾಣುತ್ತದೆ. ರಿಸೀವಬಲ್, ಪೇಯಬಲ್ ಎಂಬ ಹೊಸ ಇಂಗ್ಲಿಷ್ ಹೆಸರುಗಳಿಗೂ ಇದೇ ಕೂರುತ್ತದೆ. ಮುಂದೆ ಬ್ಯಾಡ್ ಡೆಟ್ಸ್ ಬಂದಾಗ "ಬಾರದೆ ಹೋದ ಬಾಕಿ" ಎಂದು ಸಲೀಸಾಗಿ ಬೆಳೆಸಬಹುದು. ಹೀಗೆ ಬೆಳೆಯುತ್ತದೆಯೇ ಎಂಬುದು ಪದ ಆರಿಸುವಾಗ ನಾನು ತಪ್ಪದೆ ನೋಡುವ ವಿಷಯ.

ಒಂದು ಬೆಲೆ ತೆರಬೇಕಾಯಿತು. ಬ್ಯಾಲೆನ್ಸ್‌ಗೂ ನಾವು ಬಾಕಿ ಅನ್ನುತ್ತಿದ್ದೆವು. ಅದನ್ನು ಶಿಲ್ಕು ಎಂದು ಬದಲಿಸಿದೆ: ಆರಂಭದ ಶಿಲ್ಕು, ಕೊನೆಯ ಶಿಲ್ಕು. ಒಂದು ಪದ ಸರಿಪಡಿಸಿದರೆ ಪಕ್ಕದ್ದೂ ಕದಲುತ್ತದೆ.

ಈಗ ಈ ನಮೂದಿಗೆ ಉದಾಹರಣೆ ಬೇಕು. ಉದಾಹರಣೆಯಲ್ಲಿ ಅಂಕಿ ಇರಲಿ, ಎರಡು ಖಾತೆಗಳ ಹೆಸರೂ ಇರಲಿ: "10,000ದ ಸರಕು ಸಾಲದ ಮೇಲೆ ಮಾರಿದೆವು. ಬರಬೇಕಾದ ಬಾಕಿಗೆ ಡೆಬಿಟ್ 10,000, ಮಾರಾಟಕ್ಕೆ ಕ್ರೆಡಿಟ್ 10,000." ಇಷ್ಟು ಸಾಕು.

ತಪ್ಪು ಪದದ್ದೋ ಲೆಕ್ಕದ್ದೋ ಎಂದು ತಿಳಿಯುವುದು

ಮೊದಲು ಹೇಳಿದ ಆ ಟ್ರಯಲ್ ಬ್ಯಾಲೆನ್ಸ್ ಥರದ್ದನ್ನೇ ನೋಡೋಣ. ಡೆಬಿಟ್ ಕಡೆ ನಗದು 15,000, ಪೀಠೋಪಕರಣ 20,000, ಖರೀದಿ 30,000, ಬಾಡಿಗೆ 5,000, ಬರಬೇಕಾದ ಬಾಕಿ 10,000. ಒಟ್ಟು 80,000. ಕ್ರೆಡಿಟ್ ಕಡೆ ಬಂಡವಾಳ 32,000, ಮಾರಾಟ 40,000, ಕೊಡಬೇಕಾದ ಬಾಕಿ 8,000. ಅದೂ 80,000.

ಬರಬೇಕಾದ ಬಾಕಿಯನ್ನು ಕ್ರೆಡಿಟ್ ಕಡೆಗೆ ಹಾಕಿದರೆ ಎಡಗಡೆ 70,000 ಆಗುತ್ತದೆ, ಬಲಗಡೆ 90,000. ವ್ಯತ್ಯಾಸ 20,000. ಒಂದು ಮೊತ್ತ ಕಡೆ ತಪ್ಪಿದರೆ ವ್ಯತ್ಯಾಸ ಅದರ ಎರಡರಷ್ಟು ಬರುತ್ತದೆ. ಹಾಗಾಗಿ ವ್ಯತ್ಯಾಸವನ್ನು ಅರ್ಧ ಮಾಡಿ, ಆ ಮೊತ್ತದ ಖಾತೆ ಇದೆಯಾ ನೋಡಿ. ಇಲ್ಲಿ 10,000 ಸಿಗುತ್ತದೆ, ಎದುರಿಗೆ ಡೆಟರ್ಸ್ ಇದೆ. ಒಬ್ಬರು ಹೀಗೆ ಮಾಡಿದರೆ ಕೈತಪ್ಪು ಇರಬಹುದು. ಮೂವರು ಅದೇ ಖಾತೆಯನ್ನು ಅದೇ ಕಡೆಗೆ ಹಾಕಿದ್ದರೆ ಪಟ್ಟಿಯ ಪದ ತಪ್ಪಿದೆ ಎಂದೇ ತಿಳಿದು ಅಲ್ಲಿಗೆ ಹೋಗಿ.

ಈ ಉಪಾಯ ಕೈಕೊಡುವ ಜಾಗವೂ ಇದೆ. ಪದ ತಲೆಕೆಳಗಾಗಿ ಅರ್ಥವಾಗಿದ್ದರೆ ವಿದ್ಯಾರ್ಥಿ ಡೆಟರ್ಸ್, ಕ್ರೆಡಿಟರ್ಸ್ ಎರಡನ್ನೂ ಅದಲುಬದಲು ಮಾಡುತ್ತಾನೆ. ಆಗ ಎಡಗಡೆ 78,000, ಬಲಗಡೆ 82,000. ವ್ಯತ್ಯಾಸದ ಅರ್ಧ 2,000, ಆ ಮೊತ್ತದ ಖಾತೆಯೇ ಇಲ್ಲ. ಎರಡರ ಮೊತ್ತವೂ ಒಂದೇ ಆಗಿದ್ದರಂತೂ ವ್ಯತ್ಯಾಸವೇ ಬರುವುದಿಲ್ಲ. ಟ್ರಯಲ್ ಬ್ಯಾಲೆನ್ಸ್ ತಾಳೆ ಆಗುತ್ತದೆ, ತಪ್ಪು ಒಳಗೇ ಉಳಿಯುತ್ತದೆ. ಅದಕ್ಕೇ ತಾಳೆ ಆದ ಉತ್ತರಗಳಲ್ಲೂ ಈ ಎರಡು ಸಾಲುಗಳನ್ನು ಕಣ್ಣಿಟ್ಟು ನೋಡುತ್ತೇನೆ.

ಹಾಳೆ ಹಾಕುವುದು

ಯಾವ ಸ್ಪ್ರೆಡ್‌ಶೀಟ್ ಆದರೂ ಆಗುತ್ತದೆ. ಆರು ಕಾಲಂ ಇಡಿ: ಪ್ರಶ್ನೆಹಾಳೆಯಲ್ಲಿರುವ ಇಂಗ್ಲಿಷ್ ಪದ, ಅದರ ಬೇರೆ ಇಂಗ್ಲಿಷ್ ಹೆಸರುಗಳು, ಕನ್ನಡ ಪದ, ಅರ್ಥದ ವಾಕ್ಯ, ಅಂಕಿ ಸಹಿತ ಉದಾಹರಣೆ, ಶಿಲ್ಕು ಸಾಮಾನ್ಯವಾಗಿ ಬರುವ ಕಡೆ. ಕೊನೆಯ ಕಾಲಂ ಚಿಕ್ಕದು, ಆದರೆ ವಿದ್ಯಾರ್ಥಿಗಳ ಬೆರಳು ಮೊದಲು ಹೋಗುವುದು ಅಲ್ಲಿಗೇ. ಖಾತೆಯ ಹೆಸರಲ್ಲದ ಪದಗಳಿಗೆ ಅದನ್ನು ಖಾಲಿ ಬಿಡಿ.

ಒಂದು ಕನ್ನಡ ಪದ ಎರಡು ಇಂಗ್ಲಿಷ್ ಪದಗಳ ಎದುರಿಗೆ ಕೂತಿದೆಯೇ ಎಂದು ಹಾಳೆಯೇ ಹುಡುಕಿಕೊಡಬಲ್ಲದು. ಆದರೆ ಕನ್ನಡದಲ್ಲಿ ಒಂದು ತೊಡಕಿದೆ. ಶೀಟ್‌ಗೆ, ಎಕ್ಸ್‌ಪೆನ್ಸ್ ಥರದ ಪದ ಟೈಪ್ ಮಾಡುವಾಗ ಒತ್ತಕ್ಷರ ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಅಕ್ಷರ ನಡುವೆ ಸೇರುತ್ತದೆ. ಪದದ ಕೊನೆಯಲ್ಲಿ ಅದು ಸುಮ್ನೆ ಉಳಿದುಬಿಟ್ಟರೆ, ನೋಡಲು ಒಂದೇ ಆದ ಎರಡು ಪದಗಳನ್ನು ಹಾಳೆ ಬೇರೆ ಬೇರೆ ಎಂದು ಎಣಿಸಬಹುದು. ಅದಕ್ಕೆ ಏಳನೆಯ ಕಾಲಂನಲ್ಲಿ ಆ ಅಕ್ಷರಗಳನ್ನು ತೆಗೆದ ಪ್ರತಿ ಮಾಡಿಕೊಂಡು, ಎಂಟನೆಯದರಲ್ಲಿ ಎಣಿಸಿ:

```
G2: =TRIM(SUBSTITUTE(SUBSTITUTE(C2,UNICHAR(8204),""),UNICHAR(8205),""))
H2: =COUNTIF(G:G,G2)
```

ಎಂಟನೆಯ ಕಾಲಂನಲ್ಲಿ 1ಕ್ಕಿಂತ ಜಾಸ್ತಿ ಬಂದ ಸಾಲುಗಳನ್ನು ಕೂತು ಬಗೆಹರಿಸಿ. ನನ್ನ ಮೊದಲ ಹಾಳೆಯಲ್ಲಿ ಸಿಕ್ಕಿಬಿದ್ದದ್ದು ಆದಾಯ. ಇನ್‌ಕಮ್, ರೆವೆನ್ಯೂ, ರಿಸೀಟ್ಸ್ ಮೂರಕ್ಕೂ ಅದನ್ನೇ ಬರೆದಿದ್ದೆ. ಮುಂದಿನ ವರ್ಷದ ಕೆಲಸಕ್ಕೆ ಈಗಲೇ ಮುಂಗಡ ಬಂದರೆ ಅದು ಬಂದ ಹಣ ಹೌದು, ಈ ವರ್ಷದ ಆದಾಯ ಅಲ್ಲ, ಕೆಲಸ ಮುಗಿಸುವ ತನಕ ಅದೊಂದು ಹೊಣೆ. ಈಗ ರಿಸೀಟ್ಸ್‌ಗೆ "ಬಂದ ಹಣ" ಎಂದಷ್ಟೇ ಇದೆ. ವ್ಯವಹಾರದ ಮಾಮೂಲಿ ಕೆಲಸದಿಂದ ಬರುವ ರೆವೆನ್ಯೂಗೆ "ವರಮಾನ", ಅದರ ಜೊತೆ ಹಳೆಯ ಯಂತ್ರ ಮಾರಿ ಸಿಕ್ಕ ಲಾಭದಂಥವೂ ಸೇರುವ ಇನ್‌ಕಮ್‌ಗೆ "ಆದಾಯ".

ಹಾಳೆಯನ್ನು ಸಿಎಸ್‌ವಿ ಮಾಡಿ ಕಳಿಸುವುದಾದರೆ UTF-8 ಆರಿಸಿ. ಇಲ್ಲದಿದ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಹೋಗುತ್ತದೆ.

ಹಂಚುವ ಮೊದಲು ಪರೀಕ್ಷೆ

ಕನ್ನಡ ಪದದ ಕಾಲಂ ಮಾತ್ರ ಮುದ್ರಿಸಿ, ಪಟ್ಟಿ ನೋಡಿರದ ಇಬ್ಬರು ವಿದ್ಯಾರ್ಥಿಗಳಿಗೆ ಬೇರೆ ಬೇರೆಯಾಗಿ ಕೊಡಿ. ಪ್ರತಿ ಪದಕ್ಕೂ ಎರಡೇ ಪ್ರಶ್ನೆ: ಇದರ ಅರ್ಥ ಏನು, ಖಾತೆಯಾದರೆ ಯಾವ ಕಡೆ? ಇಬ್ಬರೂ ಗೊತ್ತಿಲ್ಲ ಅಂದರೆ ಚಿಂತೆಯಿಲ್ಲ, ಕಲಿಸಬಹುದು. ಇಬ್ಬರೂ ಧೈರ್ಯವಾಗಿ ಎರಡು ಬೇರೆ ಉತ್ತರ ಕೊಟ್ಟರೆ ಆ ಪದ ತೆಗೆಯಿರಿ. ಸಾಲಗಾರ ಎಂಬ ಪದವನ್ನು ನಾನು ಈ ಪರೀಕ್ಷೆಗೆ ಮೊದಲೇ ಒಡ್ಡಿದ್ದರೆ ಹತ್ತು ನಿಮಿಷದಲ್ಲಿ ಸಿಕ್ಕಿಬೀಳುತ್ತಿತ್ತು.

ಆಮೇಲೆ ಪಾಠ ಮಾಡುವ ಮೇಷ್ಟ್ರಿಗೆ ಪಟ್ಟಿ ತೋರಿಸಿ. ಅವರು ಪಾಠದಲ್ಲಿ ಬಳಸುವ ಪದ ಬೇರೆ ಇದ್ದರೆ ಅವರದ್ದನ್ನೂ ಅದೇ ಸಾಲಿಗೆ ಸೇರಿಸಿ. ಉತ್ತರಪತ್ರಿಕೆಯಲ್ಲಿ ಖಾತೆಯ ಹೆಸರು ಯಾವ ಭಾಷೆಯಲ್ಲಿರಬೇಕು ಎಂದು ಅವರನ್ನೇ ಕೇಳಿ, ಅವರು ಹೇಳಿದ್ದನ್ನು ಪಟ್ಟಿಯ ಮೇಲೇ ಬರೆಯಿರಿ. ಪರೀಕ್ಷೆ ಇಂಗ್ಲಿಷ್‌ನಲ್ಲಿದ್ದರೆ ನಮ್ಮ ಕನ್ನಡ ಪದ ಅರ್ಥ ಮಾಡಿಕೊಳ್ಳಲು ಮಾತ್ರ, ಬರೆಯಲು ಅಲ್ಲ.

ತರಗತಿಯಲ್ಲಿ

ಆ ದಿನದ ಎಂಟು ಹತ್ತು ಪದಗಳನ್ನು ಬೋರ್ಡಿನ ಒಂದು ಅಂಚಿಗೆ ಬರೆದು, ಕೊನೆವರೆಗೂ ಅಳಿಸದೆ ಬಿಡಿ. ಪದಗಳನ್ನು ಸಾಲಾಗಿ ಓದಿ ವಿವರಿಸಬೇಡಿ. ಲೆಕ್ಕದಲ್ಲಿ ಆ ಪದ ಬಂದಾಗ ಕೈ ತೋರಿಸಿ, ಇಂಗ್ಲಿಷ್ ಹೆಸರು ಒಮ್ಮೆ, ಕನ್ನಡ ಹೆಸರು ಒಮ್ಮೆ ಹೇಳಿ ಮುಂದುವರಿಯಿರಿ. ನಿಮ್ಮ ಬಾಯಲ್ಲೇ ಹಳೆಯ ಪದ ಬರುತ್ತದೆ, ಅದನ್ನು ಗಮನಿಸಿ. "ಬರಬೇಕಾದ ಬಾಕಿ" ಎಂದು ಬೋರ್ಡಿನಲ್ಲಿ ಬರೆದು, ಮಾತಿನಲ್ಲಿ "ಸಾಲಗಾರರು" ಎಂದರೆ ವಿದ್ಯಾರ್ಥಿ ಬರೆದುಕೊಳ್ಳುವುದು ನೀವು ಆಡಿದ್ದನ್ನೇ.

ತಪ್ಪಿದ ಪದಗಳನ್ನು ಅಂದೇ ಗುರುತು ಹಾಕಿಕೊಳ್ಳಿ, ಯಾರು ಎಂದು ಬೇಡ, ಏನು ತಿಳಿದುಕೊಂಡಿದ್ದರು ಎಂದು ಬರೆಯಿರಿ. ಆದರೆ ಅವಧಿಯ ನಡುವೆ ಪದ ಬದಲಿಸಬೇಡಿ. ಅರ್ಧ ತರಗತಿಯ ಹತ್ತಿರ ಹಳೆಯ ಹಾಳೆ, ಅರ್ಧದ ಹತ್ತಿರ ಹೊಸದು ಇದ್ದರೆ ಮೊದಲಿಗಿಂತ ಜಾಸ್ತಿ ಗೊಂದಲ. ನಡುವೆ ಅರ್ಥದ ವಾಕ್ಯವನ್ನು ತಿದ್ದಬಹುದು, ಉದಾಹರಣೆ ಸೇರಿಸಬಹುದು. ಪದವನ್ನೇ ಬದಲಿಸುವುದಿದ್ದರೆ ಮುಂದಿನ ಅವಧಿಗೆ ಇಟ್ಟುಕೊಂಡು, ಹೊಸ ಹಾಳೆಯ ಮೂಲೆಯಲ್ಲಿ ದಿನಾಂಕ ಹಾಕಿ, ಬಿಟ್ಟ ಹಳೆಯ ಪದವನ್ನೂ ಬಿಟ್ಟ ಕಾರಣವನ್ನೂ ಒಂದು ಸಾಲಿನಲ್ಲಿ ಬರೆದಿಡಿ. ನಿಮ್ಮ ನಂತರ ಟ್ಯುಟೋರಿಯಲ್‌ಗೆ ಬರುವವರು "ಸಾಲಗಾರ ಅಂತ ಸುಲಭವಾಗಿ ಹಾಕಬಹುದಲ್ವಾ" ಎಂದುಕೊಂಡು ಅದನ್ನೇ ವಾಪಸ್ ತರದಿರಲಿ ಎಂದು.